ಉಡುಗೊರೆಯ ಬೆಲೆ ಸೋರುವುದು ಎಲ್ಲಿಂದ?

ಓದುಗರ ಪ್ರಶ್ನೆ: ನನ್ನ ಗುರುಗಳ ನಿವೃತ್ತಿಗೆ ಆನ್‌ಲೈನ್‌ನಲ್ಲಿ ಒಂದು ಕೈಗಡಿಯಾರ ಕೊಂಡು ನೇರವಾಗಿ ಅವರ ಮನೆಗೇ ಕಳುಹಿಸಿದೆ. ‘ಇದು ಉಡುಗೊರೆ’ ಎಂಬಲ್ಲಿ ಗುರುತು ಹಾಕಿದ್ದೆ. ಆದರೂ ಪೆಟ್ಟಿಗೆಗೆ ಅಂಟಿಸಿದ್ದ ಪ್ಲಾಸ್ಟಿಕ್ ಲಕೋಟೆಯಲ್ಲಿ ಬಿಲ್ ಇತ್ತು. ‘ಇಷ್ಟು ದುಡ್ಡು ಯಾಕೆ ಸುರಿದೆ’ ಎಂದು ಅವರು ಬೇಸರದಿಂದ ಫೋನ್ ಮಾಡಿದರು. ಈಗ ತಂಗಿಯ ಹುಟ್ಟುಹಬ್ಬಕ್ಕೆ ಶೂ ಕಳುಹಿಸಬೇಕು. ಅವಳಿರುವುದು ಬೇರೆ ಊರಿನಲ್ಲಿ, ಅಳತೆ ಸರಿಯಾಗುತ್ತದೆಂಬ ಭರವಸೆಯಿಲ್ಲ. ಗಿಫ್ಟ್ ರಸೀದಿ ಇದ್ದರೆ ಅವಳೇ ಬದಲಾಯಿಸಿಕೊಳ್ಳಬಹುದೇ? ಆಗಲೂ ಬೆಲೆ ಗೊತ್ತಾಗದಂತೆ ಇರುತ್ತದೆಯೇ? ಅವಳು ಹಿಂತಿರುಗಿಸಿದರೆ ಆ ಹಣ ಯಾರಿಗೆ ಹೋಗುತ್ತದೆ?

ಉತ್ತರ: ಆನ್‌ಲೈನ್ ಅಂಗಡಿಯೊಂದರ ಆರ್ಡರ್ ಮತ್ತು ರಿಟರ್ನ್ ವಿಭಾಗದಲ್ಲಿ ಹಲವು ವರ್ಷ ಕೆಲಸ ಮಾಡಿದವನು ನಾನು. ನಿಮ್ಮ ಕೈಗಡಿಯಾರದ ಬಿಲ್ ಹೊರಬಿದ್ದದ್ದು ಯಾರದೋ ಅಜಾಗರೂಕತೆಯಿಂದ ಎಂದು ನನಗೆ ಅನ್ನಿಸುವುದಿಲ್ಲ. ಬಹುಮಟ್ಟಿಗೆ ಆ ವ್ಯವಸ್ಥೆ ಕೆಲಸ ಮಾಡುವ ರೀತಿಯೇ ಹಾಗೆ.

ಪ್ಯಾಕಿಂಗ್ ಮೇಜಿನ ಬಳಿ ನಡೆಯುವುದನ್ನು ನೋಡಿದರೆ ಕಾರಣ ತಿಳಿಯುತ್ತದೆ. ಕೆಲಸಗಾರ ವಸ್ತುವನ್ನು ಸ್ಕ್ಯಾನ್ ಮಾಡುತ್ತಾನೆ, ಪಕ್ಕದ ಪ್ರಿಂಟರಿನಿಂದ ವಿಳಾಸದ ಲೇಬಲ್ ಹೊರಬರುತ್ತದೆ, ಅದರ ಹಿಂದೆಯೇ ಪೆಟ್ಟಿಗೆಯೊಳಗೆ ಇಡುವ ಚೀಟಿ. ಕಾರ್ಟ್‌ನಲ್ಲಿ ನೀವು ಹಾಕಿದ ‘ಉಡುಗೊರೆ’ ಗುರುತಿನ ಕೆಲಸ ಒಂದೇ: ಆ ಎರಡನೆಯ ಚೀಟಿಯ ನಮೂನೆಯನ್ನು ಬದಲಿಸುವುದು. ಬೆಲೆಯ ಕಾಲಂ ಇರುವ ಚೀಟಿಯ ಬದಲು ಬೆಲೆಯಿಲ್ಲದ ಚೀಟಿ ಮುದ್ರಣವಾಗುತ್ತದೆ, ನೀವು ಬರೆದ ಸಂದೇಶವಿದ್ದರೆ ಅದೂ ಜೊತೆಗೆ ಬರುತ್ತದೆ. ಪ್ಯಾಕ್ ಮಾಡುವವನು ಇದರಲ್ಲಿ ಯಾವ ನಿರ್ಧಾರವನ್ನೂ ಮಾಡುವುದಿಲ್ಲ. ಪ್ರಿಂಟರ್ ಕೊಟ್ಟದ್ದನ್ನು ಒಳಗಿಟ್ಟು ಟೇಪ್ ಹಚ್ಚುತ್ತಾನೆ, ಅಷ್ಟೆ.

ಅಂಗಡಿಯ ಸ್ವಂತ ಗೋದಾಮಿನಲ್ಲಿ ಈ ಕ್ರಮ ಸಾಮಾನ್ಯವಾಗಿ ತಪ್ಪುವುದಿಲ್ಲ. ಆದರೆ ದೊಡ್ಡ ತಾಣಗಳಲ್ಲಿ ಮಾರಾಟವಾಗುವ ವಸ್ತುಗಳೆಲ್ಲ ತಾಣದ ಸ್ವಂತದ್ದಲ್ಲ. ಎಷ್ಟೋ ಮಂದಿ ಹೊರಗಿನ ವ್ಯಾಪಾರಿಗಳು ಅಲ್ಲಿ ಮಳಿಗೆ ತೆರೆದಿರುತ್ತಾರೆ. ಅವರಲ್ಲಿ ಕೆಲವರು ಸರಕನ್ನು ತಾಣದ ಗೋದಾಮಿನಲ್ಲೇ ಇರಿಸುತ್ತಾರೆ, ಉಳಿದವರು ತಮ್ಮ ಅಂಗಡಿಯ ಹಿಂಬದಿಯ ಕೋಣೆಯಿಂದಲೇ ಕಳುಹಿಸುತ್ತಾರೆ. ಈ ಎರಡನೆಯ ಬಗೆಯ ವ್ಯಾಪಾರಿ ಬೆಳಿಗ್ಗೆ ಆರ್ಡರುಗಳ ಪಟ್ಟಿ ಇಳಿಸಿಕೊಂಡು, ತನ್ನದೇ ಲೆಕ್ಕದ ತಂತ್ರಾಂಶದಲ್ಲಿ ಬಿಲ್ ಮುದ್ರಿಸಿ, ಪಾರದರ್ಶಕ ಲಕೋಟೆಗೆ ಹಾಕಿ ಪೆಟ್ಟಿಗೆಯ ಮೇಲೆ ಅಂಟಿಸುತ್ತಾನೆ. ಸಾಗಾಟದಲ್ಲಿರುವ ಸರಕಿನ ಜೊತೆ ಬಿಲ್ ಇರಬೇಕೆಂಬ ತೆರಿಗೆ ನಿಯಮವಿರುವ ಕಡೆ ಅದು ಅವನಿಗೆ ಅಭ್ಯಾಸವೇ ಆಗಿರುತ್ತದೆ. ನಿಮ್ಮ ಗುರುತು ಆ ಪಟ್ಟಿಯ ಯಾವುದೋ ಕಾಲಂನಲ್ಲಿ ಇದ್ದಿರಬಹುದು. ಅವನ ಪ್ರಿಂಟರಿಗೆ ಅದರ ಪರಿವೆಯಿಲ್ಲ. ಹೊರಗೆ ಅಂಟಿಸಿದ ಲಕೋಟೆಯೊಳಗಿನ ಬಿಲ್ ಎಂದು ನೀವು ಬರೆದಿರುವುದರಿಂದ ನನ್ನ ಅನುಮಾನ ಇತ್ತಲೇ ಹೋಗುತ್ತದೆ.

ಇದನ್ನು ಕೊಳ್ಳುವ ಮೊದಲೇ ತಿಳಿಯಬಹುದು. ವಸ್ತುವಿನ ಪುಟದಲ್ಲಿ ಮಾರುವವರು ಯಾರು, ಕಳುಹಿಸುವವರು ಯಾರು ಎಂದು ಎರಡು ಬೇರೆ ಸಾಲುಗಳಿರುತ್ತವೆ. ಬಿಲ್ಲಿನ ವಿಷಯದಲ್ಲಿ ನಿಮಗೆ ಮುಖ್ಯವಾದದ್ದು ಎರಡನೆಯ ಸಾಲು. ಕಳುಹಿಸುವುದು ತಾಣವೇ ಆಗಿದ್ದು, ಕಾರ್ಟ್‌ನಲ್ಲಿ ಅದೇ ವಸ್ತುವಿನ ಪಕ್ಕದಲ್ಲಿ ಉಡುಗೊರೆಯ ಆಯ್ಕೆ ಕಾಣಿಸಿದರೆ ನೆಚ್ಚಬಹುದು. ಆ ಆಯ್ಕೆ ಇಡೀ ಕಾರ್ಟಿಗೆ ಒಟ್ಟಾಗಿ ಅಲ್ಲ, ಪ್ರತಿ ವಸ್ತುವಿಗೂ ಬೇರೆಬೇರೆಯಾಗಿ ಇರುವುದು ಸಾಮಾನ್ಯ. ಮೂರು ವಸ್ತುಗಳಲ್ಲಿ ಎರಡಕ್ಕೆ ಮಾತ್ರ ಆಯ್ಕೆ ಕಂಡರೆ ಮೂರನೆಯದು ಬೇರೆ ಪೆಟ್ಟಿಗೆಯಲ್ಲಿ ತನ್ನ ಬಿಲ್ಲನ್ನು ಹೊತ್ತುಕೊಂಡೇ ಹೋಗಬಹುದು. ಕಳುಹಿಸುವವನು ಹೊರಗಿನ ವ್ಯಾಪಾರಿಯಾಗಿದ್ದರೆ, ಬಿಲ್ಲನ್ನು ಇಮೇಲ್‌ಗೆ ಮಾತ್ರ ಕಳುಹಿಸಿ, ಪೆಟ್ಟಿಗೆಯಲ್ಲಿ ಬೇಡ ಎಂದು ಆರ್ಡರ್ ಹಾಕುವ ಮೊದಲೇ ತಾಣದ ಸಂದೇಶ ಪೆಟ್ಟಿಗೆಯ ಮೂಲಕ ಕೇಳಿನೋಡಿ. ಅವನು ‘ಆಗಲಿ’ ಎಂದರೂ ಪೂರ್ತಿ ನಂಬಬೇಡಿ. ಆ ಸಂದೇಶಕ್ಕೆ ಉತ್ತರ ಬರೆಯುವವರು ಬೇರೆ, ಪೆಟ್ಟಿಗೆ ಕಟ್ಟುವವರು ಬೇರೆ.

ಬಿಲ್ ವಿಳಾಸದ ಬಗ್ಗೆಯೂ ಒಂದು ತಪ್ಪು ನಂಬಿಕೆ ಬಳಕೆಯಲ್ಲಿದೆ. ಎರಡೂ ಕಡೆ ಪಡೆಯುವವರ ಹೆಸರನ್ನೇ ಬರೆದರೆ ಗೊಂದಲವಿರುವುದಿಲ್ಲ ಎಂದುಕೊಂಡವರು ಅನೇಕರು. ಆಗುವುದು ಅದರ ತದ್ವಿರುದ್ಧ. ಬಿಲ್ಲೇ ಅವರ ಹೆಸರಿಗೆ ಮುದ್ರಣವಾಗುತ್ತದೆ, ಅವರು ಅದನ್ನು ತೆರೆದು ಓದುವುದು ಸಹಜ. ಜೊತೆಗೆ, ಕಾರ್ಡಿನ ನೋಂದಾಯಿತ ವಿಳಾಸವನ್ನು ತಾಳೆ ನೋಡುವ ಬ್ಯಾಂಕಾದರೆ ಪಾವತಿಯನ್ನೇ ತಿರಸ್ಕರಿಸಬಹುದು. ಬಿಲ್ ವಿಳಾಸ ನಿಮ್ಮದಿರಲಿ, ತಲುಪಿಸುವ ವಿಳಾಸ ಅವರದಿರಲಿ.

ಚೀಟಿಯ ಬಾಗಿಲು ಮುಚ್ಚಿದ ಮೇಲೂ ಬೆಲೆಗೆ ಬೇರೆ ದಾರಿಗಳಿವೆ. ಕೆಲವು ದೇಶಗಳಲ್ಲಿ ಗರಿಷ್ಠ ಮಾರಾಟ ಬೆಲೆಯನ್ನು ಉತ್ಪಾದಕರೇ ಡಬ್ಬಿಯ ಮೇಲೆ ಮುದ್ರಿಸಬೇಕೆಂಬ ಕಾನೂನಿದೆ. ಯಾವ ಗುರುತೂ ಅದನ್ನು ಅಳಿಸುವುದಿಲ್ಲ. ನೀವು ರಿಯಾಯಿತಿಯಲ್ಲಿ ಕೊಂಡಿದ್ದರೆ ಆ ಮುದ್ರಿತ ಬೆಲೆ ನೀವು ಕೊಟ್ಟದ್ದಕ್ಕಿಂತ ಹೆಚ್ಚೇ ಇರುತ್ತದೆ, ಅದು ನಿಮಗೆ ಲಾಭವೋ ನಷ್ಟವೋ ನೀವೇ ಹೇಳಬೇಕು. ವಸ್ತು ಗಡಿ ದಾಟುವುದಾದರೆ ಬೆಲೆ ಮುಚ್ಚಿಡುವ ಮಾತೇ ಇಲ್ಲ: ಅಂಚೆಯಲ್ಲಿ ಹೋಗುವ ಪಾರ್ಸೆಲ್ಲಿಗೆ CN22 ಅಥವಾ CN23 ಎಂಬ ಸುಂಕದ ಘೋಷಣಾ ಪತ್ರ ಬೇಕು, ಅದರಲ್ಲಿ ಒಳಗಿನ ವಸ್ತು ಏನು, ಅದರ ಮೌಲ್ಯ ಎಷ್ಟು ಎಂದು ನಮೂದಿಸಲೇಬೇಕು. ಉಡುಗೊರೆ ಎಂದು ಅಲ್ಲಿ ಗುರುತು ಹಾಕಿದರೂ ಮೌಲ್ಯದ ಕಾಲಂ ಖಾಲಿ ಬಿಡುವಂತಿಲ್ಲ. ಸುಂಕವನ್ನು ಮೊದಲೇ ಕಟ್ಟಿರದಿದ್ದರೆ ಅದನ್ನು ವಸೂಲು ಮಾಡಲು ಬಾಗಿಲು ತಟ್ಟುವುದು ಉಡುಗೊರೆ ಪಡೆಯುವವರದ್ದೇ.

ಇನ್ನು ಫೋನ್ ಸಂಖ್ಯೆ. ತಲುಪಿಸುವ ವಿಳಾಸದ ಜೊತೆ ತಂಗಿಯ ಸಂಖ್ಯೆ ಕೊಟ್ಟರೆ ಕೊರಿಯರ್‌ನವರು ಅವಳಿಗೇ ಕರೆ ಮಾಡುತ್ತಾರೆ, ಒಟಿಪಿಯೂ ಅವಳಿಗೇ ಹೋಗುತ್ತದೆ. ಆದರೆ ಏನು ಬರುತ್ತಿದೆ ಎಂಬುದು ಆ ಸಂದೇಶದಲ್ಲೇ ತಿಳಿದುಬಿಡಬಹುದು. ನಿಮ್ಮ ಸಂಖ್ಯೆ ಕೊಟ್ಟರೆ ಗುಟ್ಟು ಉಳಿಯುತ್ತದೆ, ಆದರೆ ಡೆಲಿವರಿಯ ದಿನ ನೀವು ಫೋನ್ ಹಿಡಿದೇ ಇರಬೇಕು. ಶೂಗಳ ವಿಷಯದಲ್ಲಿ ನಾನಾದರೆ ತಂಗಿಯ ಸಂಖ್ಯೆಯನ್ನೇ ಕೊಡುತ್ತಿದ್ದೆ. ಅಚ್ಚರಿ ಸ್ವಲ್ಪ ಕಡಿಮೆಯಾದರೂ ಪಾರ್ಸೆಲ್ ಬೀಗ ಹಾಕಿದ ಬಾಗಿಲಿನಿಂದ ವಾಪಸಾಗುವುದು ತಪ್ಪುತ್ತದೆ. ವಸ್ತು ತಲುಪಿದಾಗ ಹಣ ಕೊಡುವ ಪಾವತಿ ವಿಧಾನವನ್ನು ಮಾತ್ರ ಮರೆತೂ ಆರಿಸಬೇಡಿ. ಹಾಗೆ ಆರಿಸಿ, ಹುಟ್ಟುಹಬ್ಬದವರ ಕೈಯಿಂದಲೇ ದುಡ್ಡು ಕಟ್ಟಿಸಿದವರ ದೂರುಗಳನ್ನು ನಾನೇ ನಿಭಾಯಿಸಿದ್ದೇನೆ!

ಈಗ ಗಿಫ್ಟ್ ರಸೀದಿಗೆ, ಅಂದರೆ ಪೆಟ್ಟಿಗೆಯೊಳಗೆ ಹೋಗುವ ಆ ಬೆಲೆಯಿಲ್ಲದ ಚೀಟಿಗೆ ಬರೋಣ. ಅದು ಬೆಲೆಯನ್ನು ಎಂದೆಂದಿಗೂ ಮುಚ್ಚಿಡುತ್ತದೆ ಎಂದು ಹೆಚ್ಚಿನವರು ತಿಳಿದಿದ್ದಾರೆ. ಅದರಲ್ಲಿ ಬೆಲೆ ಇರುವುದಿಲ್ಲ, ನಿಜ. ಆದರೆ ಆರ್ಡರ್ ಸಂಖ್ಯೆಯೋ ಬಾರ್‌ಕೋಡೋ ಇರುತ್ತದೆ, ಅಂಗಡಿಯ ಕಂಪ್ಯೂಟರಿಗೆ ಆ ಸಂಖ್ಯೆಯಿಂದ ಬೆಲೆ ಗೊತ್ತು. ಅಂದರೆ ರಸೀದಿ ಒಂದು ಮುಚ್ಚಿದ ಲಕೋಟೆ. ಹಿಂತಿರುಗಿಸುವ ಕ್ಷಣದಲ್ಲಿ ಅದು ತೆರೆದುಕೊಳ್ಳುತ್ತದೆ.

ಹೇಗೆಂದರೆ, ಉಡುಗೊರೆ ಪಡೆದವರು ಅಂಗಡಿಯ ತಾಣದಲ್ಲಿ ‘ಉಡುಗೊರೆ ಹಿಂತಿರುಗಿಸಿ’ ಎಂಬ ಪುಟಕ್ಕೆ ಹೋಗಿ ರಸೀದಿಯ ಸಂಖ್ಯೆಯನ್ನು ಹಾಕುತ್ತಾರೆ. ವಸ್ತು ಮರಳಿ ಗೋದಾಮು ಸೇರಿದ ಮೇಲೆ ಅವರ ಖಾತೆಗೆ ಅಂಗಡಿಯಲ್ಲೇ ಖರ್ಚು ಮಾಡಬೇಕಾದ ಮೊತ್ತವೊಂದು ಗಿಫ್ಟ್ ಕಾರ್ಡಿನ ರೂಪದಲ್ಲಿ ಜಮೆಯಾಗುತ್ತದೆ. ನಗದು ಬರುವುದು ಅಪರೂಪ. ಕಾರ್ಡಿನಲ್ಲಿ ಪಾವತಿಸಿದ ಹಣವನ್ನು ಅದೇ ಕಾರ್ಡಿಗೆ ಮರಳಿಸಬೇಕೆಂಬುದು ಪಾವತಿ ಜಗತ್ತಿನ ಸಾಮಾನ್ಯ ನಿಯಮ. ಇಲ್ಲದಿದ್ದರೆ ಕದ್ದ ಕಾರ್ಡಿನಲ್ಲಿ ಕೊಂಡು, ವಾಪಸು ಕೊಟ್ಟು, ನಗದು ಎಣಿಸಿಕೊಂಡು ಹೋಗುವುದು ತೀರಾ ಸುಲಭವಾಗುತ್ತಿತ್ತು. ಪಡೆದವರ ಬಳಿ ಆ ಕಾರ್ಡ್ ಇಲ್ಲವಾದ್ದರಿಂದ ಅಂಗಡಿಯಲ್ಲೇ ಜಮೆ ಎಂಬುದು ನಡುವಿನ ದಾರಿ. ಹಾಗೆ ಜಮೆಯಾದ ಮೊತ್ತ ಎಂದರೆ ಸಾಮಾನ್ಯವಾಗಿ ನೀವು ಆ ವಸ್ತುವಿಗೆ ಕೊಟ್ಟ ಹಣವೇ. ರಿಯಾಯಿತಿಯಿದ್ದರೆ ಅದನ್ನು ಕಳೆದ ಮೊತ್ತ. ಒಂದು ಕೊಂಡರೆ ಇನ್ನೊಂದು ಉಚಿತ ಎಂಬ ಯೋಜನೆಯಲ್ಲಿ ಕೊಂಡಿದ್ದರೆ ಅಂಗಡಿ ಹಣವನ್ನು ಎರಡಕ್ಕೂ ಹಂಚಿರಬಹುದು, ಆಗ ಪಡೆದವರ ಪರದೆಯಲ್ಲಿ ಅರ್ಧ ಬೆಲೆ ಕಾಣಿಸುತ್ತದೆ. ಉಡುಗೊರೆಯ ಕಾರ್ಟ್‌ನಲ್ಲಿ ಕೂಪನ್ ಆಟ ಬೇಡ ಎಂದು ನಾನು ಹೇಳುವುದು ಇದಕ್ಕಾಗಿಯೇ.

ಇದಕ್ಕೆ ವಿರುದ್ಧ ದಿಕ್ಕಿನ ತಪ್ಪು ನಂಬಿಕೆಯೂ ಇದೆ: ರಸೀದಿ ಕೈಯಲ್ಲಿದ್ದ ಮೇಲೆ ಹಿಂತಿರುಗಿಸುವುದು ಪಡೆದವರ ಹಕ್ಕು ಎಂಬುದು. ಕಾನೂನಿನ ಕಣ್ಣಿನಲ್ಲಿ ಒಪ್ಪಂದ ಅಂಗಡಿಗೂ ಕೊಂಡವರಿಗೂ ನಡುವಿನದು. ಐರೋಪ್ಯ ಒಕ್ಕೂಟದ 2011ರ ಗ್ರಾಹಕ ಹಕ್ಕುಗಳ ನಿರ್ದೇಶನವನ್ನೇ ನೋಡಿ. ಆನ್‌ಲೈನ್ ಖರೀದಿಯನ್ನು ಕಾರಣ ಕೊಡದೆ ರದ್ದು ಮಾಡಲು ಅದು 14 ದಿನ ಕೊಡುತ್ತದೆ. ಕೊಂಡವರು ಸೂಚಿಸಿದ ಬೇರೊಬ್ಬರ ಕೈಗೆ ವಸ್ತು ತಲುಪಿದರೂ ಎಣಿಕೆ ಆ ದಿನದಿಂದಲೇ ಶುರು. ಆದರೆ ರದ್ದು ಮಾಡುವ ಹಕ್ಕು ಕೊಂಡವರದ್ದು, ಪೆಟ್ಟಿಗೆ ತೆರೆದವರದ್ದಲ್ಲ. ಗಿಫ್ಟ್ ರಸೀದಿಯ ಮೂಲಕ ಪಡೆದವರಿಂದ ವಾಪಸು ತೆಗೆದುಕೊಳ್ಳುವುದು ಅಂಗಡಿ ತಾನಾಗಿ ಕೊಡುವ ಸೌಲಭ್ಯ, ಆದ್ದರಿಂದ ಅಂಗಡಿಯಿಂದ ಅಂಗಡಿಗೆ ನಿಯಮ ಬೇರೆ. ಕೆಲವು ಕಡೆ ಆ ಸೌಲಭ್ಯವೇ ಇಲ್ಲ, ಇನ್ನು ಕೆಲವು ಕಡೆ ವಿನಿಮಯ ಮಾತ್ರ. ಹೆಸರು ಕೆತ್ತಿಸಿದ ವಸ್ತು, ಮುದ್ರೆ ಒಡೆದ ಸೌಂದರ್ಯವರ್ಧಕ ಮುಂತಾದವನ್ನು ಯಾರು ಕೊಟ್ಟರೂ ತೆಗೆದುಕೊಳ್ಳುವುದು ಕಡಿಮೆ.

ಹಿಂತಿರುಗಿಸಿದ್ದು ಕೊಟ್ಟವರಿಗೆ ತಿಳಿಯುತ್ತದೆಯೇ ಎಂದು ಪಡೆದವರೂ ನನ್ನನ್ನು ಕೇಳುವುದುಂಟು. ಅಂಗಡಿ ಇಮೇಲ್ ಕಳುಹಿಸದಿರಬಹುದು. ಆದರೆ ಆರ್ಡರ್ ಇರುವುದು ಕೊಂಡವರ ಖಾತೆಯಲ್ಲಿ. ಎಂದೋ ಒಮ್ಮೆ ಹಳೆಯ ಆರ್ಡರುಗಳನ್ನು ತೆರೆದಾಗ ‘ಹಿಂತಿರುಗಿಸಲಾಗಿದೆ’ ಎಂಬ ಸಾಲು ಕಣ್ಣಿಗೆ ಬೀಳಬಹುದು. ಇದು ಪೂರ್ತಿ ಗುಟ್ಟಾಗಿ ಉಳಿಯುತ್ತದೆಂದು ಯಾರಿಗೂ ಮಾತು ಕೊಡಲಾಗದು.

ಹಾಗಾದರೆ ಶೂಗಳಿಗೆ ದಾರಿ ಯಾವುದು? ನನ್ನ ಸಲಹೆ ವಿನಿಮಯದ್ದು, ಅದೂ ನಿಮ್ಮ ಖಾತೆಯಿಂದ. ಒಂದು ಅಳತೆ ಕೊಟ್ಟು ಅದೇ ಶೂನ ಇನ್ನೊಂದು ಅಳತೆ ತೆಗೆದುಕೊಂಡರೆ ಬೆಲೆ ಸಮ. ಯಾರ ಖಾತೆಗೂ ಮೊತ್ತ ಜಮೆಯಾಗುವುದಿಲ್ಲ, ಆದ್ದರಿಂದ ಆ ಮೂಲಕ ಬೆಲೆ ಹೊರಬರುವ ಸಂದರ್ಭವಿಲ್ಲ. ಬೆಲೆ ಮುಚ್ಚಿಯೂ ಇರಬೇಕು, ವಸ್ತು ಬದಲಾಗಲೂ ಬೇಕು ಎಂಬ ನಿಮ್ಮ ಎರಡೂ ಆಸೆಗಳು ಒಟ್ಟಿಗೆ ಸುಲಭವಾಗಿ ಈಡೇರುವುದು ಈ ದಾರಿಯಲ್ಲಿ.

ದಿನಗಳ ಲೆಕ್ಕದಿಂದ ಆರಂಭಿಸೋಣ. ನೀವು ಆರಿಸಿದ ಶೂಗಳಿಗೆ ವಾಪಸಾತಿಯ ಅವಧಿ 14 ದಿನ ಎಂದಿಟ್ಟುಕೊಳ್ಳಿ. ಹುಟ್ಟುಹಬ್ಬ 20ನೆಯ ತಾರೀಕು. ‘ತಡವಾಗದಿರಲಿ’ ಎಂದು ಬೇಗ ಕಳುಹಿಸಿ, ಪಾರ್ಸೆಲ್ 8ಕ್ಕೇ ತಲುಪಿತು. ತಂಗಿ ಅದನ್ನು 20ರವರೆಗೆ ತೆರೆಯದೆ ಇಟ್ಟುಕೊಂಡಳು. ಅವಧಿ ಮುಗಿಯುವುದು 22ಕ್ಕೆ. ಹಾಕಿ ನೋಡಿ, ನಿಮಗೆ ಹೇಳಲು ಸಂಕೋಚಪಟ್ಟು, ಕೊನೆಗೆ ಹೇಳುವ ಹೊತ್ತಿಗೆ ಅವಧಿ ಕಳೆದಿರುತ್ತದೆ. ಎಣಿಕೆ ತಲುಪಿದ ದಿನದಿಂದ ಶುರುವಾಗುತ್ತದೆಯೇ ಹೊರತು ಹುಟ್ಟುಹಬ್ಬದಿಂದಲ್ಲ. 17ರಿಂದ 19ರ ನಡುವೆ ತಲುಪುವಂತೆ ಆರ್ಡರ್ ಹಾಕಿ, ತಾಣದಲ್ಲಿ ದಿನ ನಿಗದಿಪಡಿಸುವ ಸೌಲಭ್ಯವಿದ್ದರೆ ಬಳಸಿ.

ಕಾರ್ಟ್‌ನಲ್ಲಿ ಶೂ ಒಂದೇ ಇರಲಿ. ನಿಮ್ಮ ಮನೆಗೆ ಬೇಕಾದ ಸಾಮಾನನ್ನು ಅದೇ ಆರ್ಡರಿಗೆ ಸೇರಿಸಬೇಡಿ. ಈಗಲೇ ಅವಳ ಅಳತೆಗಿಂತ ಒಂದು ಹೆಚ್ಚಿನ ಮತ್ತು ಒಂದು ಕಡಿಮೆಯ ಅಳತೆ ದಾಸ್ತಾನಿದೆಯೇ ನೋಡಿ. ಬದಲಾಯಿಸಿಕೊಳ್ಳುವ ಅಳತೆ ಮುಗಿದುಹೋಗಿದ್ದರೆ ವಿನಿಮಯ ತಾನಾಗಿ ರೀಫಂಡ್ ಆಗಿಬಿಡುತ್ತದೆ, ಹಣ ನಿಮ್ಮ ಕಾರ್ಡಿಗೆ ಬರುತ್ತದೆ, ತಂಗಿಯ ಕೈ ಖಾಲಿ. ಕೊನೆಯ ಒಂದು ಜೋಡಿ ಮಾತ್ರ ಉಳಿದಿರುವ ಶೂವನ್ನು ಉಡುಗೊರೆಗೆ ಆರಿಸುವುದು ಜೂಜು. ಉಡುಗೊರೆಯ ಗುರುತು ಹಾಕಿ, ಸಂದೇಶದಲ್ಲಿ ನಿಮ್ಮ ಹೆಸರು ಬರೆಯಿರಿ. ಇದನ್ನು ಬಿಡುವವರು ಬಹಳ. ಯಾರು ಕಳುಹಿಸಿದ್ದೆಂದು ತಿಳಿಯದ ಪಾರ್ಸೆಲ್ಲನ್ನು ಜನ ಈಗ ಅನುಮಾನದಿಂದ ನೋಡುತ್ತಾರೆ. ಸುಳ್ಳು ವಿಮರ್ಶೆ ಬರೆಯಲು ಅಪರಿಚಿತರ ವಿಳಾಸಗಳಿಗೆ ಅಗ್ಗದ ವಸ್ತುಗಳನ್ನು ಕಳುಹಿಸುವ ವಂಚನೆಯೊಂದು ಇರುವುದರಿಂದ ಆ ಅನುಮಾನ ಸುಳ್ಳಲ್ಲ. ಹಣ ಕಟ್ಟಿದ ಮೇಲೆ ಬರುವ ಖಚಿತಪಡಿಸುವ ಪುಟದಲ್ಲಿ ಉಡುಗೊರೆ ಎಂಬ ಗುರುತು ಉಳಿದಿದೆಯೇ ಎಂದು ಮತ್ತೆ ನೋಡಿ. ವಿಳಾಸ ಬದಲಿಸಿದಾಗ ಅದು ಸದ್ದಿಲ್ಲದೆ ಹಾರಿಹೋಗುವುದನ್ನು ಕಂಡಿದ್ದೇನೆ.

ಪಾರ್ಸೆಲ್ ತಲುಪಿದ ದಿನ ತಂಗಿಗೆ ಫೋನ್ ಮಾಡಿ ಎರಡೇ ಮಾತು ಹೇಳಿ: ಹೊರಗೆ ಹಾಕಿಕೊಂಡು ಹೋಗುವ ಮೊದಲು ಮನೆಯೊಳಗೆ ಚಾಪೆಯ ಮೇಲೆ ನಡೆದು ನೋಡಲಿ, ಶೂಗಳ ಸ್ವಂತ ಡಬ್ಬಿಯನ್ನು ಎಸೆಯದಿರಲಿ. ರಿಟರ್ನ್ ಮೇಜಿನಲ್ಲಿ ಶೂಗಳನ್ನು ತಿರಸ್ಕರಿಸುವುದು ಬಹುತೇಕ ಈ ಎರಡು ಕಾರಣಗಳಿಗೆ. ಅಡಿಭಾಗವನ್ನು ಬೆಳಕಿಗೆ ತಿರುಗಿಸಿ ಹಿಡಿದು, ಹೆಬ್ಬೆರಳಿನ ಕೆಳಗೆ ಗೀರಿದೆಯೇ, ಹಿಮ್ಮಡಿಯ ಗೆರೆಗಳ ನಡುವೆ ಧೂಳಿದೆಯೇ ಎಂದು ನೋಡುತ್ತಿದ್ದೆವು. ಮೆಟ್ಟಿಲಿಳಿದು ಅಂಗಳಕ್ಕೆ ಹೋಗಿ ಬಂದರೂ ಅದು ಕಾಣುತ್ತದೆ. ಶೂಗಳ ಡಬ್ಬಿಯ ಮೇಲೆಯೇ ಟೇಪ್ ಸುತ್ತಿ, ಲೇಬಲ್ ಅಂಟಿಸಿ ಕಳುಹಿಸಿದರೂ ಕಷ್ಟ. ಡಬ್ಬಿಯೂ ಮಾರಾಟದ ವಸ್ತುವಿನ ಭಾಗವೇ.

ಅಳತೆ ಸರಿಯಾಗಲಿಲ್ಲ ಎಂದರೆ ನಿಮ್ಮ ಖಾತೆಯಲ್ಲಿ ಆ ಆರ್ಡರ್ ತೆರೆದು ವಿನಿಮಯ ಆರಿಸಿ. ವಸ್ತು ತೆಗೆದುಕೊಂಡು ಹೋಗುವ ವಿಳಾಸ ಕೇಳಿದಾಗ ಒಂದು ಕ್ಷಣ ನಿಲ್ಲಿ. ಅಲ್ಲಿ ನಿಮ್ಮ ಮನೆಯ ವಿಳಾಸ ತಾನಾಗಿ ಬಂದು ಕೂತಿರುವುದುಂಟು. ಅದನ್ನು ತಂಗಿಯ ವಿಳಾಸಕ್ಕೆ ಬದಲಿಸಿ, ಹೊಸ ಜೋಡಿ ತಲುಪಬೇಕಾದ ವಿಳಾಸವನ್ನೂ ನೋಡಿಕೊಳ್ಳಿ. ಹೊಸ ಜೋಡಿಗೆ ಉಡುಗೊರೆಯ ಗುರುತು ಮುಂದುವರಿಯುತ್ತದೆಯೇ ಎಂದು ಅಂಗಡಿಯ ಸಹಾಯವಾಣಿಗೆ ಕೇಳಿ. ವಿನಿಮಯದ ಪೆಟ್ಟಿಗೆ ಹೊಸ ಆರ್ಡರಾಗಿ ಹೊರಡುವ ಕಡೆ ಅದರೊಳಗೆ ಬೆಲೆಯಿರುವ ಚೀಟಿಯೇ ಹೋಗಬಹುದು.

ಮನೆಗೆ ಬಂದು ಒಯ್ಯದೆ, ಅಂಗಡಿಗೋ ಕೊರಿಯರ್ ಕೇಂದ್ರಕ್ಕೋ ಕೊಟ್ಟು ಬರಬೇಕು ಎಂಬ ವ್ಯವಸ್ಥೆಯಾದರೆ ನಿಮ್ಮ ಇಮೇಲ್‌ಗೆ ಒಂದು ಕ್ಯುಆರ್ ಕೋಡ್ ಬರುತ್ತದೆ. ಇಲ್ಲಿ ನಾನೇ ಎಡವಿದ್ದೇನೆ. ಒಬ್ಬ ಸ್ನೇಹಿತನಿಗೆ ಕಳುಹಿಸಿದ ಮೇಜಿನ ದೀಪ ಹೊತ್ತಿಕೊಳ್ಳಲಿಲ್ಲ. ಬಿಲ್ ಹೋಗದಂತೆ ಎಲ್ಲ ಎಚ್ಚರ ವಹಿಸಿದ್ದವನು, ವಾಪಸು ಕಳುಹಿಸುವ ಕೋಡ್ ಬಂದ ಇಮೇಲನ್ನು ಹಾಗೆಯೇ ಅವನಿಗೆ ರವಾನಿಸಿದೆ. ಕೋಡಿನ ಕೆಳಗೆ, ದಪ್ಪ ಅಕ್ಷರಗಳಲ್ಲಿ, ನನಗೆ ಮರಳಲಿರುವ ಮೊತ್ತವಿತ್ತು. ಅವನು ಏನೂ ಹೇಳಲಿಲ್ಲ, ಮುಂದಿನ ನನ್ನ ಹುಟ್ಟುಹಬ್ಬಕ್ಕೆ ಹೆಚ್ಚುಕಡಿಮೆ ಅಷ್ಟೇ ಬೆಲೆಯ ವಸ್ತುವೊಂದನ್ನು ಕಳುಹಿಸಿದ. ಕೋಡನ್ನಷ್ಟೇ ಕತ್ತರಿಸಿದ ಚಿತ್ರವಾಗಿ ಕಳುಹಿಸಿ, ಇಮೇಲನ್ನು ರವಾನಿಸಬೇಡಿ.

ತಂಗಿಗೆ ಶೂಗಳೇ ಇಷ್ಟವಾಗಲಿಲ್ಲ, ಬೇರೇನೋ ಬೇಕು ಎಂದಾದರೆ ಎರಡು ದಾರಿ. ಅವಳೇ ಗಿಫ್ಟ್ ರಸೀದಿಯಿಂದ ಹಿಂತಿರುಗಿಸಿದರೆ ಮೊತ್ತ ಅವಳ ಖಾತೆಗೆ ಬರುತ್ತದೆ, ಬೆಲೆಯೂ ತಿಳಿಯುತ್ತದೆ. ಅದಕ್ಕೆ ಆ ತಾಣದಲ್ಲಿ ಅವಳದೊಂದು ಖಾತೆ ಬೇಕು. ನೀವು ಹಿಂತಿರುಗಿಸಿದರೆ ಹಣ ನಿಮ್ಮ ಕಾರ್ಡಿಗೆ ಬರುತ್ತದೆ, ಅವಳು ಹೇಳಿದ್ದನ್ನು ನೀವು ಹೊಸದಾಗಿ ಕೊಂಡು ಕಳುಹಿಸುತ್ತೀರಿ. ಬೆಲೆ ಮುಚ್ಚಿಯೇ ಇರುತ್ತದೆ, ಆದರೆ ಅವಳು ಬಾಯಿಬಿಟ್ಟು ಕೇಳಬೇಕಾಗುತ್ತದೆ. ಅಕ್ಕತಂಗಿಯರ ನಡುವೆ ಇದು ನಡೆದೀತು. ನಾಚಿಕೆಯ ಸ್ವಭಾವದವರಾದರೆ ರಸೀದಿಯೇ ಮೇಲು, ಬೆಲೆ ತಿಳಿದರೂ ಅವರು ಯಾರನ್ನೂ ಕೇಳಬೇಕಾಗುವುದಿಲ್ಲ. ಎರಡೂ ದಾರಿಯಿಂದ ಒಮ್ಮೆಗೇ ಕೋರಿಕೆ ಹಾಕಬೇಡಿ, ಒಂದೇ ಆರ್ಡರ್ ಸಂಖ್ಯೆಗೆ ಎರಡು ಕೋರಿಕೆ ಬಂದರೆ ಅದು ಪರಿಶೀಲನೆಗೆ ಹೋಗಿ ಕೂರುತ್ತದೆ.

ನಿಮ್ಮ ಗುರುಗಳಂಥವರ ವಿಷಯ ಬೇರೆ. ಬೆಲೆ ತಿಳಿದರೆ ಮನಸ್ಸಿಗೆ ನೋವಾಗುವವರಿಗೆ ಕಳುಹಿಸುವಾಗ ನಾನು ಈಗಲೂ ವಸ್ತುವನ್ನು ಮೊದಲು ನನ್ನ ಮನೆಗೆ ತರಿಸುತ್ತೇನೆ. ಪೆಟ್ಟಿಗೆ ತೆರೆದು ಬಿಲ್ ತೆಗೆದು, ಡಬ್ಬಿಯ ಮೇಲೆ ಬೆಲೆಯ ಚೀಟಿ ಇದೆಯೇ ನೋಡಿ, ಮತ್ತೆ ಕಟ್ಟಿ ಕೊರಿಯರ್ ಮಾಡುತ್ತೇನೆ. ಸಾಗಾಟದ ಖರ್ಚು ಎರಡು ಸಲ ಬೀಳುತ್ತದೆ, ವಾಪಸಾತಿಯ ಅವಧಿಯಲ್ಲಿ ಕೆಲವು ದಿನ ನನ್ನ ಮನೆಯಲ್ಲೇ ಕಳೆದುಹೋಗುತ್ತವೆ, ದಾರಿಯಲ್ಲಿ ಒಡೆದರೆ ಅಂಗಡಿ ಹೊಣೆ ಹೊರುವುದಿಲ್ಲ. ಕೈಗಡಿಯಾರದಂಥ ಚಿಕ್ಕ ವಸ್ತುವಿಗೆ, ಅಳತೆಯ ತೊಡಕೂ ಇಲ್ಲದ್ದಕ್ಕೆ, ಇದು ಭಾರವಲ್ಲ. ಶೂಗಳಿಗೆ ಇದನ್ನು ನಾನು ಮಾಡುವುದಿಲ್ಲ.

ಇನ್ನೊಂದು ವಿಷಯ. ತಂಗಿಯ ಪಾರ್ಸೆಲ್ ತಲುಪಿ, ವಿನಿಮಯವೂ ಮುಗಿದ ಮೇಲೆ ನಿಮ್ಮ ಖಾತೆಯ ವಿಳಾಸಗಳ ಪುಟಕ್ಕೆ ಹೋಗಿ, ನಿಮ್ಮ ಮನೆಯ ವಿಳಾಸವನ್ನು ಮತ್ತೆ ಮೊದಲಿನದಾಗಿ ಗುರುತಿಸಿ. ಎಷ್ಟೋ ತಾಣಗಳು ಕೊನೆಯ ಸಲ ಬಳಸಿದ ವಿಳಾಸವನ್ನೇ ಮುಂದಿನ ಆರ್ಡರಿಗೂ ಹಿಡಿದಿಟ್ಟುಕೊಳ್ಳುತ್ತವೆ. ಮುಂದಿನ ವಾರ ನೀವು ತರಿಸುವ ಬಟ್ಟೆ ಒಗೆಯುವ ಪುಡಿ ಅವಳ ಬಾಗಿಲಿಗೆ ಹೋಗಿ ನಿಂತೀತು, ಬಿಲ್ ಸಮೇತ.